ಜಪಾನ್ ತೆರಿಗೆ: ಅಪ್ಪ-ಅಮ್ಮನಿಗೆ ಕಳಿಸಿದ ಹಣದ ಪಟ್ಟಿ ಕಂಪನಿಯಿಂದ ವಾಪಸ್ ಬಂತು, ಎಲ್ಲಿ ತಪ್ಪಾಯ್ತು?

ಸಾಗರದವನು (ಅಕ್ಟೋಬರ್ 4)

ನಾನಿರೋದು ಕವಾಸಾಕಿಯಲ್ಲಿ. ಅಪ್ಪ-ಅಮ್ಮ ಊರಲ್ಲಿದ್ದಾರೆ. ಅಪ್ಪನಿಗೆ 71, ಅಮ್ಮನಿಗೆ 63. ಪ್ರತಿ ತಿಂಗಳು ಆ್ಯಪ್ ಮೂಲಕ 60,000 ಯೆನ್ ಕಳಿಸುತ್ತೇನೆ. ಹೋಗೋದು ಅವರಿಬ್ಬರ ಜಂಟಿ ಖಾತೆಗೆ, ಅದರಲ್ಲಿ ಮೊದಲ ಹೆಸರು ಅಪ್ಪನದು.

ಈ ಸಲ ನೆನ್‌ಮಾತ್ಸು ಚೋಸೆಯ್‌ಗೆ, ಅಂದ್ರೆ ವರ್ಷದ ಕೊನೆಗೆ ಕಂಪನಿ ಮಾಡೋ ತೆರಿಗೆ ಲೆಕ್ಕಕ್ಕೆ, ಇಬ್ಬರನ್ನೂ ಅವಲಂಬಿತರು ಅಂತ ತೋರಿಸಬೇಕು. ಮುಂಚೆನೇ ನೋಡಲಿ ಅಂತ ಸೆಪ್ಟೆಂಬರ್‌ವರೆಗಿನ ಪಟ್ಟಿ ಮಾಡಿ ಸಂಬಳ ವಿಭಾಗಕ್ಕೆ ಕೊಟ್ಟೆ. ಜೊತೆಗೆ ಆ್ಯಪ್‌ನ ಸ್ಕ್ರೀನ್‌ಶಾಟ್‌ಗಳು, ಅಪ್ಪನ ಪಾಸ್‌ಬುಕ್ ಪ್ರತಿ. "ಅಮ್ಮನಿಗೆ ಪುರಾವೆ ಇಲ್ಲ, ಸಾಲುಗಳು ತಾಳೆ ಆಗ್ತಿಲ್ಲ" ಅಂತ ವಾಪಸ್ ಕಳಿಸಿದ್ದಾರೆ. ಪ್ರತಿ ಸಾಲಿನ ಮುಂದೆ "ಅಪ್ಪ-ಅಮ್ಮನ ಖರ್ಚಿಗೆ" ಅಂತಲೇ ಬರೆದಿದ್ದೆ. ಇನ್ನೇನು ಬೇಕು?

ಹಮಾಮತ್ಸು ಅಣ್ಣ

ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ವರ್ಷಕ್ಕೆ ಮೂರು ಸಲ ಅಥವಾ ಜಾಸ್ತಿ ಕಳಿಸಿದ್ದರೆ ಪಟ್ಟಿ ಒಂದು, ವರ್ಷದ ಮೊದಲ ರಸೀದಿ ಒಂದು, ಕೊನೆಯದು ಒಂದು. ಅಷ್ಟೇ ಸಾಕು. ನಾನು ಎಷ್ಟೋ ವರ್ಷದಿಂದ ಹಾಗೇ ಕೊಡ್ತಿದ್ದೇನೆ. 60,000ವನ್ನು ಅಪ್ಪನಿಗೆ 30, ಅಮ್ಮನಿಗೆ 30 ಅಂತ ಎರಡು ಸಾಲು ಮಾಡಿ ಕೊಡಿ.

ಒಸಾಕಾದ ಅಕ್ಕ

ಅಣ್ಣ, ನಿಮ್ಮ ತಂದೆ-ತಾಯಿಗೆ 70 ದಾಟಿರಬೇಕು, ಅದಕ್ಕೇ ನಿಮಗೆ ನಡೆಯುತ್ತಿದೆ. ನಾನು ಇಲ್ಲಿ ಒಂದು ಕಂಪನಿಯ ಸಂಬಳದ ಲೆಕ್ಕ ನೋಡ್ತೇನೆ, ಪ್ರತಿ ನವೆಂಬರ್‌ನಲ್ಲೂ ಇದೇ ಗೊಂದಲ.

2023ರಿಂದ ನಿಯಮ ಬದಲಾಗಿದೆ. ವಿದೇಶದಲ್ಲಿರುವ ಸಂಬಂಧಿಗೆ 30ರಿಂದ 69 ವಯಸ್ಸಾಗಿದ್ದರೆ, ಆ ವರ್ಷ ಅವರೊಬ್ಬರಿಗೇ 38 ಮಾನ್, ಅಂದ್ರೆ 3,80,000 ಯೆನ್ ಅಥವಾ ಜಾಸ್ತಿ ಹೋಗಿರಬೇಕು. ಓದಲು ಜಪಾನ್ ಬಿಟ್ಟು ಹೋದವರಿಗೆ, ಅಂಗವಿಕಲರಿಗೆ ಬೇರೆ ದಾರಿ ಇದೆ, ಅದು ನಿಮಗೆ ಬೇಡ. 70 ಆದವರಿಗೆ ಈ ಮೊತ್ತದ ಕಟ್ಟು ಇಲ್ಲ. ಆದರೆ ಹಣ ಕಳಿಸಿದ ಪುರಾವೆ ಅವರಿಗೂ ಬೇಕೇ ಬೇಕು. ವಯಸ್ಸು ನೋಡೋದು ಡಿಸೆಂಬರ್ 31ಕ್ಕೆ.

ಹಾಗಾಗಿ ನಿಮ್ಮ ಅಪ್ಪನದು ಸರಿ ಇದೆ. ಅಮ್ಮನದು ಸೊನ್ನೆ. ರಸೀದಿಯಲ್ಲಿ ಯಾರ ಹೆಸರಿದೆಯೋ ಅವರಿಗೆ ಮಾತ್ರ ಲೆಕ್ಕ. ಜಂಟಿ ಖಾತೆ ಆದರೂ ಅಷ್ಟೇ. ಪಟ್ಟಿಯಲ್ಲಿ 30-30 ಅಂತ ಒಡೆದು ಬರೆದರೆ ಅದನ್ನು ಹಿಡಿದು ನಿಲ್ಲೋ ರಸೀದಿ ಎಲ್ಲಿದೆ? ಅಪ್ಪ ತಮ್ಮ ಖಾತೆಯಿಂದ ಅಮ್ಮನಿಗೆ ಹಾಕಿದರೂ ಅದು ನೀವು ಕಳಿಸಿದ್ದಾಗಲ್ಲ.

ಮೊದಲ-ಕೊನೆಯ ರಸೀದಿಯ ರಿಯಾಯಿತಿ ಅಪ್ಪನಿಗೆ ಸಿಗುತ್ತೆ. ಅಮ್ಮನಿಗೆ ಒಟ್ಟು 38 ಮಾನ್ ದಾಟಿದೆ ಅಂತ ತೋರಿಸಬೇಕಲ್ಲ, ಅವರದಕ್ಕೆ ಎಲ್ಲ ರಸೀದಿಯೂ ಬೇಕು.

ಸಾಗರದವನು

ಅಯ್ಯೋ. ಹಾಗಾದರೆ ಈ ವರ್ಷ ಅಮ್ಮನದು ಹೋಯ್ತಾ?

ಒಸಾಕಾದ ಅಕ್ಕ

ಇಲ್ಲ, ಇನ್ನೂ ಮೂರು ತಿಂಗಳಿದೆ. ಅಮ್ಮನಿಗೆ ಒಬ್ಬರದೇ ಖಾತೆ ಇದ್ದರೆ ಅಕ್ಟೋಬರ್, ನವೆಂಬರ್, ಡಿಸೆಂಬರ್ ತಲಾ 1,30,000 ಕಳಿಸಿ. ಆ್ಯಪ್ ಶುಲ್ಕ ಸುಮಾರು 1,500 ಅಂದುಕೊಳ್ಳಿ. ನಾನು ಶುಲ್ಕ ಕಳೆದೇ ಬರೆಸ್ತೇನೆ. ಒಂದಕ್ಕೆ 1,28,500 ಆದರೂ ಮೂರಕ್ಕೆ 3,85,500. ದಾಟಿತು. ಡಿಸೆಂಬರ್‌ನದನ್ನು 10ನೇ ತಾರೀಕಿನೊಳಗೆ ಮುಗಿಸಿ, ವರ್ಷದ ಕೊನೆಯ ವಾರಕ್ಕೆ ಬಿಡಬೇಡಿ. ಕಂಪನಿಯ ಗಡುವು ಅಷ್ಟರೊಳಗೆ ಮುಗಿದರೆ ಅಮ್ಮನದನ್ನು ಮುಂದಿನ ವರ್ಷ ಕಾಕುತೇಯ್ ಶಿನ್‌ಕೊಕುವಿನಲ್ಲಿ, ಅಂದ್ರೆ ತೆರಿಗೆ ಕಚೇರಿಗೆ ಕೊಡೋ ಘೋಷಣೆಯಲ್ಲಿ, ನೀವೇ ತೋರಿಸಬಹುದು.

ಇನ್ನು ಸಾಲು ತಾಳೆ ಆಗದ್ದು. ಪಟ್ಟಿಯಲ್ಲಿ ಎಷ್ಟು ಸಾಲಿದೆ, ಪಾಸ್‌ಬುಕ್‌ನಲ್ಲಿ ಎಷ್ಟು ಜಮೆ ಇದೆ, ಎಣಿಸಿ ಹೇಳಿ.

ದುಬೈ ಕನ್ನಡಿಗ

ಪೋಷಕರ ವೀಸಾಗೆ ತಾನೇ? ಇಲ್ಲಿ ಬಾಡಿಗೆ ಕರಾರು, ಸಂಬಳದ ಪತ್ರ ಕೇಳ್ತಾರೆ. ನಾನು ಊರಿಗೆ ಹೋದಾಗಲೆಲ್ಲ ಕೈಗೇ ಕೊಟ್ಟು ಬರ್ತೇನೆ, ಪಟ್ಟಿ ಗಿಟ್ಟಿ ಏನೂ ಮಾಡಿಲ್ಲ.

ಒಸಾಕಾದ ಅಕ್ಕ

ವೀಸಾ ಅಲ್ಲ, ಇದು ತೆರಿಗೆಯ ವಿನಾಯಿತಿ. ಕೈಗೆ ಕೊಟ್ಟ ಹಣಕ್ಕೆ ಇಲ್ಲಿ ಲೆಕ್ಕವೇ ಇಲ್ಲ, ಬ್ಯಾಂಕ್ ಅಥವಾ ಹಣ ಕಳಿಸೋ ಕಂಪನಿಯ ಕಾಗದ ಇರಬೇಕು.

ಸಾಗರದವನು

ಎಣಿಸಿದೆ. ಪಟ್ಟಿಯಲ್ಲಿ 10, ಪಾಸ್‌ಬುಕ್‌ನಲ್ಲಿ 9. ಜುಲೈನಲ್ಲಿ ಒಮ್ಮೆ ವಾಪಸ್ ಬಂದಿತ್ತು. ಬ್ಯಾಂಕ್ ವಿಲೀನ ಆದ ಮೇಲೂ ಹಳೆಯ ಐಎಫ್‌ಎಸ್‌ಸಿ ಹಾಕಿದ್ದೆ. ಮತ್ತೆ ಕಳಿಸಿದೆ, ಎರಡೂ ಪಟ್ಟಿಗೆ ಸೇರಿಬಿಟ್ಟಿವೆ. ಇನ್ನೊಂದು, ಪಾಸ್‌ಬುಕ್‌ನಲ್ಲಿ ನನ್ನ ಹೆಸರೇ ಇಲ್ಲ, ಯಾವುದೋ ಕಂಪನಿ ಹೆಸರಿದೆ.

ಒಸಾಕಾದ ಅಕ್ಕ

ವಾಪಸ್ ಬಂದ ಸಾಲನ್ನು ತೆಗೀರಿ. ಕಂಪನಿ ಹೆಸರು ಬರೋದು ಸಹಜ, ಆ್ಯಪ್‌ನವರು ಭಾರತದ ಪಾಲುದಾರರ ಮೂಲಕ ಹಾಕ್ತಾರೆ. ಮುಖ್ಯ ಪುರಾವೆ ಜಪಾನ್ ಕಡೆಯ ರಸೀದಿ. ಪಾಸ್‌ಬುಕ್ ಬೆಂಬಲಕ್ಕೆ ಮಾತ್ರ. ರಸೀದಿಯಲ್ಲಿರೋ ರೂಪಾಯಿ ಮೊತ್ತ ಪೈಸೆ ಸಮೇತ ಪಾಸ್‌ಬುಕ್‌ನಲ್ಲಿ ಸಿಗಬೇಕು, ಅದೇ ತಾಳೆ.

ಸ್ಕ್ರೀನ್‌ಶಾಟ್ ಬೇಡ. ಅದರಲ್ಲಿ ಪೂರ್ತಿ ಹೆಸರು ಇರಲ್ಲ. ಒಂದೊಂದು ವಹಿವಾಟಿನ ಪಿಡಿಎಫ್ ಇಳಿಸಿಕೊಳ್ಳಿ: ಕಳಿಸಿದವರು, ಪಡೆದವರು, ದಿನಾಂಕ, ಯೆನ್ ನಾಲ್ಕೂ ಕಾಣಬೇಕು. ಬೇರೆ ಭಾಷೆಯ ಕಾಗದಕ್ಕೆ ಜಪಾನಿ ಅನುವಾದ ಜೋಡಿಸಬೇಕು. ಆ್ಯಪ್‌ನ ಭಾಷೆಯನ್ನು ಜಪಾನಿಗೆ ಬದಲಿಸಿ ಇಳಿಸಿದರೆ ಆ ಕೆಲಸ ಉಳಿಯುತ್ತೆ.

ಫೈಲಿನ ಹೆಸರು ಮತ್ತು ಸಾಲಿನ ಗುರುತು ಒಂದೇ ಇರಲಿ. F ಅಪ್ಪ, M ಅಮ್ಮ:

```
ID    Date        To  JPY     File
F-09  2025-09-05  F   59100   F-09.pdf
M-01  2025-10-06  M   128500  M-01.pdf

=SUMIFS(D:D,C:C,"M")
```

ಕೊನೆಯ ಸಾಲು ಅಮ್ಮನ ಒಟ್ಟು ಮೊತ್ತ ಕೊಡುತ್ತೆ, ಅದನ್ನು ಪಟ್ಟಿಯ ಕಾಲಂಗಳ ಹೊರಗಿನ ಒಂದು ಕೋಶದಲ್ಲಿಡಿ. ರೂಪಾಯಿ ಮೊತ್ತಕ್ಕೆ ಪಕ್ಕದಲ್ಲಿ ಒಂದು ಕಾಲಂ ಮಾಡಿಕೊಳ್ಳಿ. "ಅಪ್ಪ-ಅಮ್ಮನ ಖರ್ಚಿಗೆ" ಅನ್ನೋ ಮಾತು ಅಳಿಸಿ, "ಜೀವನ ಖರ್ಚು" ಅಂತ ಸಾಕು. ಇಬ್ಬರ ಹೆಸರು ಒಂದೇ ಸಾಲಿನಲ್ಲಿ ಕಂಡ ಕೂಡಲೇ ನೋಡುವವರಿಗೆ ಅನುಮಾನ ಶುರುವಾಗುತ್ತೆ.

ಹಮಾಮತ್ಸು ಅಣ್ಣ

ಅಕ್ಕ ಹೇಳಿದ್ದು ಸರಿ. ನನ್ನ ಅಮ್ಮನಿಗೆ 74, ಅಪ್ಪ ಇಲ್ಲ. ಹಾಗಾಗಿ ಈ ಮೊತ್ತದ ವಿಷಯ ನನ್ನ ಕಿವಿಗೇ ಬಿದ್ದಿರಲಿಲ್ಲ. ಒಂದು ಅನುಮಾನ. ಮೂರು ಸಲ ಯಾಕೆ, 3,90,000 ಒಂದೇ ಏಟಿಗೆ ಕಳಿಸಿದರೆ ಆಗಲ್ವಾ?

ಒಸಾಕಾದ ಅಕ್ಕ

ನಿಯಮದ ಮಾತು "ಜೀವನ ಖರ್ಚಿಗೆ, ಬೇಕಾದಾಗಲೆಲ್ಲ ಕಳಿಸಿದ್ದು" ಅನ್ನೋ ಅರ್ಥದಲ್ಲಿದೆ. ಡಿಸೆಂಬರ್‌ನಲ್ಲಿ ಒಂದೇ ದೊಡ್ಡ ಮೊತ್ತ ಕಂಡರೆ ಪ್ರಶ್ನೆ ಬರಬಹುದು. ಬರಲೇಬೇಕು ಅಂತೇನಿಲ್ಲ.

ಸೈತಾಮಾ ಅಮ್ಮ

ನಮ್ಮ ಯಜಮಾನರು ಕಳೆದ ವರ್ಷ ಒಂದೇ ಸಲ 4 ಲಕ್ಷ ಯೆನ್ ಅತ್ತೆಗೆ ಕಳಿಸಿದ್ದರು, ಕಂಪನಿ ಏನೂ ಕೇಳಲಿಲ್ಲ. ನಮಗೆ ತೊಂದರೆ ಆಗಿದ್ದು ಹೆಸರಿನಲ್ಲಿ. ಅತ್ತೆಯ ಪಾಸ್‌ಪೋರ್ಟ್‌ನಲ್ಲಿ ಹೆಸರಿನ ಜೊತೆ ಮಾವನ ಹೆಸರಿದೆ, ಬ್ಯಾಂಕಿನಲ್ಲಿ ಹಿಂದೆ ಎರಡು ಇನಿಷಿಯಲ್. ಇಬ್ಬರೂ ಒಬ್ಬರೇ ಅಂತ ನಂಬಿಸೋಕೆ ಎರಡು ವಾರ ಬೇಕಾಯ್ತು.

ಸಾಗರದವನು (ಅಕ್ಟೋಬರ್ 7)

ನನಗೂ ಅದೇ ಕಾಡ್ತಿದೆ. ಅಮ್ಮನ ಆಧಾರ್‌ನಲ್ಲಿ ಇನಿಷಿಯಲ್ ಹಿಂದಿದೆ, ನನ್ನ ಜನನ ಪತ್ರದಲ್ಲಿ ಬರೀ ಹೆಸರು. ಸಂಬಂಧ ತೋರಿಸೋಕೆ ಇವೆರಡೇ ಇರೋದು.

ನಿನ್ನೆ ಅಮ್ಮನ ಸ್ವಂತ ಖಾತೆಗೆ ಮೊದಲ ಕಂತು ಕಳಿಸಿದೆ. ಅಪ್ಪನ 9 ಪಿಡಿಎಫ್ ಜಪಾನಿಯಲ್ಲಿ ಇಳಿಸಿದ್ದಾಯ್ತು, ಒಂಬತ್ತೂ ಪಾಸ್‌ಬುಕ್‌ಗೆ ತಾಳೆ ಆದವು.

ಒಸಾಕಾದ ಅಕ್ಕ

ಹೆಸರಿಗೆ: ನಿಮ್ಮ ಪಾಸ್‌ಪೋರ್ಟ್‌ನ ಕೊನೆಯ ಪುಟದಲ್ಲಿ ತಾಯಿ ಹೆಸರು ಇರುತ್ತೆ, ಅದರ ಪ್ರತಿ ಸೇರಿಸಿ. ಮೂರು ಕಾಗದದಲ್ಲಿ ಹೆಸರು ಹೇಗೆ ಹೇಗೆ ಇದೆ ಅಂತ ಅರ್ಧ ಪುಟ ಜಪಾನಿಯಲ್ಲಿ ಬರೆದು ಮೇಲಿಡಿ. ನಮ್ಮಲ್ಲಿ ಒಪ್ಪಿದ್ದೇವೆ. ನಿಮ್ಮ ಕಂಪನಿಯವರು ಬೇರೆ ಏನಾದರೂ ಕೇಳಬಹುದು, ನವೆಂಬರ್‌ವರೆಗೆ ಕಾಯದೆ ಈ ವಾರವೇ ವಿಚಾರಿಸಿ.

ಸಾಗರದವನು

ನಾಳೆ ಕೇಳ್ತೇನೆ ಅಕ್ಕ. ಅವರು ಏನಂದ್ರು ಅಂತ ಇಲ್ಲೇ ಬರೀತೇನೆ.