ಮೂರನೇ ತಿಂಗಳ ಹೊಲಿಗೆ ಯಾರಿಗೆ ಬೇಕು: ನಮ್ಮ ಮನೆಯ ವಾಟ್ಸಾಪ್ ಗುಂಪಿನ ಚರ್ಚೆ

ಸರೋಜಾ, ಮಂಡ್ಯ (ಫಾರ್ವರ್ಡ್ ಆದ ಸಂದೇಶ): ಒಮ್ಮೆ ಗರ್ಭ ಹೋದವರೆಲ್ಲರೂ ಮುಂದಿನ ಬಸಿರಿನಲ್ಲಿ ಮೂರು ತಿಂಗಳು ತುಂಬುತ್ತಲೇ ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿಸಿಕೊಳ್ಳಬೇಕು. ಅವಳಿ ಮಕ್ಕಳಿದ್ದರೆ ಇದು ಕಡ್ಡಾಯ. ಹೊಲಿಗೆ ಹಾಕಿದ ಮೇಲೆ ಹೆರಿಗೆಯವರೆಗೂ ಮಂಚದಿಂದ ಇಳಿಯಬಾರದು. ಎಲ್ಲ ಹೆಣ್ಣುಮಕ್ಕಳಿಗೂ ತಲುಪಿಸಿ.

ಸರೋಜಾ, ಮಂಡ್ಯ: ಅನಿತಾ, ರೇಖಾ, ನೀವಿಬ್ಬರೂ ಇದನ್ನು ತಪ್ಪದೆ ಓದಿ. ನಮ್ಮ ಎದುರು ಮನೆಯ ಹುಡುಗಿಗೆ ಮೊದಲ ಮಗು ನಿಲ್ಲಲಿಲ್ಲ. ಎರಡನೆಯ ಸಲ ಮೂರನೇ ತಿಂಗಳಲ್ಲೇ ಹೊಲಿಗೆ ಹಾಕಿಸಿದರು, ಈಗ ಮಗು ಅಂಗನವಾಡಿಗೆ ಹೋಗುತ್ತಿದೆ.

ಡಾ. ಸುಮಾ, ಮೈಸೂರು: ಅತ್ತೆ, ನಿಮ್ಮ ಕಾಳಜಿ ನನಗೆ ಗೊತ್ತು, ಆದರೆ ಈ ಸಂದೇಶವನ್ನು ಹೀಗೇ ನಂಬಬಾರದು. ಆ ಹೊಲಿಗೆ ಒಂದೇ ಒಂದು ತೊಂದರೆಗೆ ಇರುವ ಚಿಕಿತ್ಸೆ. ನಾಲ್ಕರಿಂದ ಆರನೇ ತಿಂಗಳ ನಡುವೆ, ಹೆರಿಗೆ ನೋವು ಬರುವ ಮೊದಲೇ ಗರ್ಭಕಂಠ ಸದ್ದಿಲ್ಲದೆ ಕುಗ್ಗಿ, ತೆರೆದುಕೊಂಡು, ನೀರಿನ ಚೀಲ ಕೆಳಗೆ ಜಾರುವ ತೊಂದರೆ ಅದು. ಗರ್ಭ ಹೋಗಲು ಕಾರಣ ಬೇರೆಯಾಗಿದ್ದರೆ ಬಾಯಿಯನ್ನು ಬಿಗಿಯಾಗಿ ಕಟ್ಟಿ ಏನು ಪ್ರಯೋಜನ?

ರೇಖಾ: ಅಕ್ಕ, ನನಗೆ ಎರಡು ಸಲವೂ ಎಂಟು ಒಂಬತ್ತನೇ ವಾರದಲ್ಲೇ ಹೋಯಿತು. ಇದನ್ನು ಓದಿದ ಮೇಲೆ, ಹೊಲಿಗೆ ಹಾಕಿಸದೇ ಇದ್ದದ್ದರಿಂದಲೇ ಹಾಗಾಯಿತೇನೋ ಎಂದು ಅನಿಸುತ್ತಿದೆ.

ಡಾ. ಸುಮಾ, ಮೈಸೂರು: ಖಂಡಿತ ಅಲ್ಲ ರೇಖಾ. ಎರಡು ಸಲವೂ ಸ್ಕ್ಯಾನಿನಲ್ಲಿ ಮಗುವಿನ ಹೃದಯ ಬಡಿತ ಮೊದಲು ನಿಂತಿತ್ತು, ರಕ್ತಸ್ರಾವ ಆಮೇಲೆ ಶುರುವಾಯಿತು. ಅಷ್ಟು ಬೇಗ ಹೋಗುವ ಗರ್ಭಗಳಲ್ಲಿ ಹೆಚ್ಚಿನವಕ್ಕೆ ಭ್ರೂಣದ ಕ್ರೋಮೋಸೋಮುಗಳಲ್ಲಿ ಆಗುವ ಏರುಪೇರು ಕಾರಣ. ಗರ್ಭಕಂಠಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ನಿನಗೆ ಬೇಕಾದ ಪರೀಕ್ಷೆಗಳು ಬೇರೆ, ಅವನ್ನು ನಿನ್ನೊಂದಿಗೆ ಪ್ರತ್ಯೇಕವಾಗಿ ಮಾತಾಡುತ್ತೇನೆ. ಹೊಲಿಗೆ ಹಾಕಿಸದೆ ಮಗುವನ್ನು ಕಳೆದುಕೊಂಡೆ ಎಂಬ ಭಾರವನ್ನು ಮಾತ್ರ ನೀನು ಒಂದು ದಿನವೂ ಹೊರಬಾರದು.

ಅನಿತಾ: ಸುಮಕ್ಕ, ನನ್ನ ವಿಷಯವನ್ನು ಎಲ್ಲರೆದುರು ಮಾತಾಡಬಹುದು, ನನಗೆ ಸಂಕೋಚವಿಲ್ಲ. ಹೋದ ಸಲ ಇಪ್ಪತ್ತನೇ ವಾರದಲ್ಲಿ ಎರಡು ದಿನ ಕೆಳಹೊಟ್ಟೆ ಭಾರವೆನಿಸಿತು, ನೀರಿನಂಥ ಲೋಳೆ ಹೋಗುತ್ತಿತ್ತು, ಒಂದೆರಡು ಕಡೆ ಕಂದು ಕಲೆ ಕಂಡಿತು. ನೋವು ಇರಲೇ ಇಲ್ಲ. ಆಸ್ಪತ್ರೆಗೆ ಹೋದಾಗ ಬಾಯಿ ನಾಲ್ಕು ಸೆಂಟಿಮೀಟರ್ ತೆರೆದಿದೆ, ಚೀಲ ಕಾಣುತ್ತಿದೆ ಎಂದರು. ಈಗ ಹನ್ನೊಂದನೇ ವಾರ. ಇಲ್ಲಿನ ಡಾಕ್ಟರು ಹದಿಮೂರನೇ ವಾರಕ್ಕೆ ಹೊಲಿಗೆ ಹಾಕೋಣ ಎಂದಿದ್ದಾರೆ. ನೀನು ಮೊದಲು ಮಾತಾಡಿದಾಗ ಕಾದು ನೋಡಬಹುದು ಎಂದಿದ್ದೆ. ಯಾರ ಮಾತು ಸರಿ?

ಕಿರಣ: ನಾನಂತೂ ಕಾಯುವುದಕ್ಕೆ ಒಪ್ಪುವುದಿಲ್ಲ, ಅಕ್ಕ. ಒಮ್ಮೆ ಅನುಭವಿಸಿದ್ದು ಸಾಕು. ಹಾಕಿದರೆ ನಷ್ಟವೇನು?

ಡಾ. ಸುಮಾ, ಮೈಸೂರು: ಅನಿತಾ, ನೀನು ಹೇಳಿದ್ದು ಈ ತೊಂದರೆಯ ಲಕ್ಷಣಗಳಿಗೆ ಸರಿಯಾಗಿ ಹೊಂದುತ್ತದೆ. ನಿನ್ನ ಡಿಸ್ಚಾರ್ಜ್ ಕಾಗದದಲ್ಲಿ ಜ್ವರವಾಗಲಿ ಸೋಂಕಾಗಲಿ ದಾಖಲಾಗಿಲ್ಲ, ಮಾಸು ಬಿಟ್ಟುಕೊಂಡು ರಕ್ತ ಹೋದದ್ದೂ ಇಲ್ಲ. ಆದ್ದರಿಂದ ನಿಮ್ಮ ಡಾಕ್ಟರ ಸಲಹೆ ತಪ್ಪಲ್ಲ. ನೋವಿಲ್ಲದೆ ಬಾಯಿ ತೆರೆದು ಒಂದು ಗರ್ಭ ಹೋಗಿದ್ದರೂ 13ರಿಂದ 14ನೇ ವಾರದ ಹೊತ್ತಿಗೆ ಹೊಲಿಗೆ ಹಾಕಬಹುದು ಎಂದು ಅಮೆರಿಕದ ಪ್ರಸೂತಿ ತಜ್ಞರ ಕಾಲೇಜು ಹೇಳುತ್ತದೆ. ಬ್ರಿಟನ್ನಿನ ಕಾಲೇಜು ಮಾತ್ರ, ಮೂರು ಅಥವಾ ಹೆಚ್ಚು ಸಲ ಹೀಗೆ ನಡುವೆ ಹೋಗಿದ್ದರೆ ಅಥವಾ ಅವಧಿಗೆ ಮುಂಚೆ ಹೆರಿಗೆಯಾಗಿದ್ದರೆ ಮೊದಲೇ ಹಾಕಿ, ಅದಕ್ಕಿಂತ ಕಡಿಮೆಯಾದರೆ ಸ್ಕ್ಯಾನ್ ಮಾಡುತ್ತ ಗಮನಿಸಿ ಎನ್ನುತ್ತದೆ. ನಾನು ಎರಡನೆಯದರ ಪರ.

ರಂಗನಾಥ: ಸುಮಾ, ಎರಡು ದೇಶಗಳ ತಜ್ಞರೇ ಬೇರೆ ಬೇರೆ ಹೇಳಿದರೆ ಮನೆಯವರು ಯಾವ ಆಧಾರದ ಮೇಲೆ ತೀರ್ಮಾನಿಸಬೇಕು? ಈ ಹೊಲಿಗೆಯನ್ನು ಮೊದಲು ವಿವರಿಸಿದವರು ಮುಂಬೈನ ಶಿರೋಡ್ಕರ್ ಅವರೇ ಎಂದು ಓದಿದ್ದೇನೆ. ಇಷ್ಟು ವರ್ಷಗಳಾದ ಮೇಲೂ ಇತ್ಯರ್ಥವಾಗಲಿಲ್ಲವೇ?

ಡಾ. ಸುಮಾ, ಮೈಸೂರು: ಹೌದು ದೊಡ್ಡಪ್ಪ, ಡಾ. ಶಿರೋಡ್ಕರ್ ತಮ್ಮ ವಿಧಾನವನ್ನು 1955ರಲ್ಲಿ ಪ್ರಕಟಿಸಿದರು. ಎರಡು ವರ್ಷಗಳ ಬಳಿಕ ಆಸ್ಟ್ರೇಲಿಯಾದ ಮೆಕ್‌ಡೊನಾಲ್ಡ್ ಇನ್ನೊಂದು ಸುಲಭ ವಿಧಾನ ತಿಳಿಸಿದರು. ಅಜ್ಜಿಯ ಎಲೆಯಡಿಕೆ ಸಂಚಿಯ ಬಾಯನ್ನು ದಾರ ಎಳೆದು ಬಿಗಿದಂತೆ ಗರ್ಭಕಂಠದ ಸುತ್ತ ಒಂದು ಗಟ್ಟಿ ದಾರವನ್ನು ಪೋಣಿಸಿ ಗಂಟು ಹಾಕುವ ವಿಧಾನ ಅದು.

ಹೊಲಿಗೆ ಹಾಕಿಸಿಕೊಂಡವರಲ್ಲಿ ಎಷ್ಟೋ ಮಂದಿಗೆ ಹೊಲಿಗೆ ಇಲ್ಲದೆಯೂ ಮಗು ನಿಲ್ಲುತ್ತಿತ್ತು. ಒಬ್ಬರನ್ನು ನೋಡಿ ಅದನ್ನು ಹೇಳಲಾಗುವುದಿಲ್ಲ. ಅತ್ತೆ, ನಿಮ್ಮ ಎದುರು ಮನೆಯ ಹುಡುಗಿಯ ವಿಷಯದಲ್ಲೂ ಅಷ್ಟೇ. ಹಾಗಾಗಿ ಹೋಲಿಸಿ ನೋಡಬೇಕಾಯಿತು. ಹೊಲಿಗೆ ಬೇಕೋ ಬೇಡವೋ ಎಂದು ವೈದ್ಯರಿಗೇ ಅನುಮಾನವಿದ್ದ 1292 ಗರ್ಭಿಣಿಯರನ್ನು ಚೀಟಿ ಎತ್ತಿದ ರೀತಿಯಲ್ಲಿ ಎರಡು ಗುಂಪು ಮಾಡಿ ನಡೆಸಿದ ದೊಡ್ಡ ಅಧ್ಯಯನ 1993ರಲ್ಲಿ ಪ್ರಕಟವಾಯಿತು. 33 ವಾರಕ್ಕಿಂತ ಮುಂಚೆ ಹೆರಿಗೆಯಾದವರು ಹೊಲಿಗೆ ಇಲ್ಲದ ಗುಂಪಿನಲ್ಲಿ ನೂರಕ್ಕೆ 17, ಹೊಲಿಗೆ ಹಾಕಿದ ಗುಂಪಿನಲ್ಲಿ 13. ಅಂದರೆ ಇಪ್ಪತ್ತೈದು ಮಂದಿಗೆ ಹಾಕಿದರೆ ಒಬ್ಬರಿಗೆ ಉಪಯೋಗ. ಲಾಭ ಎದ್ದು ಕಂಡದ್ದು ಹಿಂದೆ ಮೂರು ಅಥವಾ ಹೆಚ್ಚು ಸಲ ಗರ್ಭ ನಡುವೆ ಹೋಗಿದ್ದವರಲ್ಲಿ ಇಲ್ಲವೇ ಅವಧಿಗೆ ಮುಂಚೆ ಹೆರಿಗೆಯಾಗಿದ್ದವರಲ್ಲಿ: ಅವರಲ್ಲಿ ನೂರಕ್ಕೆ 32 ಇದ್ದದ್ದು 15ಕ್ಕೆ ಇಳಿಯಿತು.

ಕಿರಣ: ಇಪ್ಪತ್ತೈದರಲ್ಲಿ ಒಬ್ಬರು ಎಂದರೆ ನನಗೆ ಸಣ್ಣ ಸಂಖ್ಯೆ ಎನಿಸುವುದಿಲ್ಲ. ಆ ಒಬ್ಬರು ಅನಿತಾ ಆಗಿರಬಹುದಲ್ಲವೇ?

ಡಾ. ಸುಮಾ, ಮೈಸೂರು: ಆಗಿರಬಹುದು ಕಿರಣ್ ಅವರೇ, ನೀವು ಹಾಗೆ ಕೇಳುವುದು ನ್ಯಾಯವೇ. ಗಮನಿಸುತ್ತ ಕಾಯುವ ದಾರಿ ಇಲ್ಲದಿದ್ದರೆ ನಾನೂ ಹದಿಮೂರನೇ ವಾರಕ್ಕೇ ಹಾಕಿಬಿಡಿ ಎನ್ನುತ್ತಿದ್ದೆ. ಆದರೆ ಗರ್ಭಕಂಠ ಒಮ್ಮೆಲೇ ತೆರೆಯುವುದು ಅಪರೂಪ. ಮೊದಲು ಒಳಬಾಯಿ ಸಡಿಲವಾಗಿ ಕಂಠದ ಉದ್ದ ಕಡಿಮೆಯಾಗುತ್ತದೆ, ಅದು ಯೋನಿಯ ಮೂಲಕ ಮಾಡುವ ಸ್ಕ್ಯಾನಿನಲ್ಲಿ ಕಾಣುತ್ತದೆ. 16ನೇ ವಾರದಿಂದ 24ರವರೆಗೆ ಎರಡು ವಾರಕ್ಕೊಮ್ಮೆ ಅಳೆಯುತ್ತೇವೆ. 24 ವಾರದೊಳಗೆ ಅದು 25 ಮಿಲಿಮೀಟರಿಗಿಂತ ಕಡಿಮೆಯಾದರೆ ಹೊಲಿಗೆ ಹಾಕುತ್ತೇವೆ. ಹಿಂದೆ ಇಂಥ ನಷ್ಟ ಅನುಭವಿಸಿದ್ದು ಈಗ ಒಂದೇ ಮಗು ಇರುವವರಲ್ಲಿ ಹೀಗೆ ಮಾಡಿದರೆ ಮೊದಲೇ ಹಾಕಿದಷ್ಟೇ ಒಳ್ಳೆಯ ಫಲ ಸಿಗುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಕಂಠ ಕುಗ್ಗುವುದೇ ಇಲ್ಲ, ಅವರು ಹೊಲಿಗೆಯಿಂದ ತಪ್ಪಿಸಿಕೊಳ್ಳುತ್ತಾರೆ.

ನಷ್ಟವೇನು ಎಂದಿರಿ. ಬೆನ್ನಿಗೆ ಅರಿವಳಿಕೆ ಚುಚ್ಚಬೇಕು. ಹಾಕುವಾಗ ಚೀಲ ಒಡೆಯುವ, ಆಮೇಲೆ ಸೋಂಕಾಗುವ ಸಂಭವ ಸಣ್ಣದಾದರೂ ಇದೆ. 1993ರ ಆ ಅಧ್ಯಯನದಲ್ಲಿ ಹೊಲಿಗೆಯ ಗುಂಪಿನ ತಾಯಂದಿರಿಗೆ ಹೆರಿಗೆಯ ನಂತರ ಜ್ವರ ಹೆಚ್ಚಾಗಿ ಬಂದಿತ್ತು. ಹೊಲಿಗೆ ಇರುವಾಗಲೇ ನೋವು ಶುರುವಾಗಿ, ಬಿಚ್ಚುವುದು ತಡವಾದರೆ ಗರ್ಭಕಂಠ ಹರಿಯಬಹುದು.

ಸರೋಜಾ, ಮಂಡ್ಯ: ಎರಡು ವಾರದ ನಡುವೆಯೇ ತೆರೆದುಬಿಟ್ಟರೆ ಏನು ಮಾಡುತ್ತೀಯ, ಸುಮಾ? ಹೋದ ಸಲ ಎರಡೇ ದಿನದಲ್ಲಿ ಮುಗಿದುಹೋಯಿತಲ್ಲ. ಆ ಕಾಯುವಿಕೆಯ ಸಂಕಟ ನಿಮ್ಮ ಅಧ್ಯಯನಗಳಿಗೆ ಹೇಗೆ ಗೊತ್ತಾಗುತ್ತದೆ?

ಡಾ. ಸುಮಾ, ಮೈಸೂರು: ಆ ಭಯ ಸುಳ್ಳಲ್ಲ ಅತ್ತೆ. ಗಮನಿಸುವ ದಾರಿಯ ಮಿತಿಯೂ ಅದೇ: ಸ್ಕ್ಯಾನ್ ದಿನಾಂಕ ತಪ್ಪಿಸಿದರೆ ಆ ದಾರಿ ನಿಲ್ಲುವುದಿಲ್ಲ. ನಾನು ನೋಡಿಕೊಂಡ ಒಬ್ಬರ ವಿಷಯ ಹೇಳುತ್ತೇನೆ, ಊರು ಹೆಸರು ಬೇಡ. ಹಿಂದೆ 21ನೇ ವಾರದಲ್ಲಿ ಅನಿತಾಳ ರೀತಿಯಲ್ಲೇ ಒಂದು ಗರ್ಭ ಹೋಗಿತ್ತು. 16ನೇ ವಾರಕ್ಕೆ ಕಂಠದ ಉದ್ದ 36 ಮಿಲಿಮೀಟರ್ ಇತ್ತು, 18ಕ್ಕೆ 28 ಆಯಿತು. 25ರಿಂದ 29ರ ನಡುವೆ ಬಂದರೆ ನಾವು ಎರಡು ವಾರ ಕಾಯುವುದಿಲ್ಲ, ಒಂದೇ ವಾರಕ್ಕೆ ಮತ್ತೆ ಕರೆಯುತ್ತೇವೆ. 19ನೇ ವಾರಕ್ಕೆ 21 ಆಗಿತ್ತು, ಒಳಬಾಯಿ ಆಲಿಕೆಯ ಆಕಾರಕ್ಕೆ ತಿರುಗಿತ್ತು. ಕೈಯಿಂದ ಪರೀಕ್ಷಿಸಿದಾಗ ಹೊರಬಾಯಿ ಮುಚ್ಚಿಯೇ ಇತ್ತು. ಅವರಿಗೆ ಅಷ್ಟೊತ್ತಿಗೆ ಏನೂ ಅನಿಸಿರಲಿಲ್ಲ. ಜ್ವರ, ರಕ್ತಸ್ರಾವ, ಹೊಟ್ಟೆ ಬಿಗಿತ ಯಾವುದೂ ಇಲ್ಲವೆಂದು ಖಚಿತಪಡಿಸಿಕೊಂಡು, ಮೂತ್ರ ಮತ್ತು ಯೋನಿಸ್ರಾವದ ಪರೀಕ್ಷೆ ಮಾಡಿಸಿ, ಮರುದಿನ ಹೊಲಿಗೆ ಹಾಕಿದೆವು. 36 ವಾರ ಮುಗಿದ ಮೇಲೆ ಅರಿವಳಿಕೆ ಇಲ್ಲದೆಯೇ ಬಿಚ್ಚಿದೆವು. ಹೊಲಿಗೆ ಬಿಚ್ಚಿದ ಕೂಡಲೇ ಹೆರಿಗೆಯಾಗುತ್ತದೆ ಎಂದು ಮನೆಯವರೆಲ್ಲ ಹೆದರಿದ್ದರು, ಹತ್ತು ದಿನದ ಮೇಲೆ ಆಯಿತು.

ರಂಗನಾಥ: ಪೂರ್ತಿ ತೆರೆದ ಮೇಲೆ ಹೊಲಿಗೆ ಸಾಧ್ಯವೇ ಇಲ್ಲವೇ?

ಡಾ. ಸುಮಾ, ಮೈಸೂರು: ಬಾಯಿ ಸ್ವಲ್ಪ ತೆರೆದು ಚೀಲ ಕಂಡಾಗಲೂ, 24 ವಾರದೊಳಗಿದ್ದು ನೋವು ಮತ್ತು ಸೋಂಕು ಇಲ್ಲದಿದ್ದರೆ, ತುರ್ತಾಗಿ ಹಾಕಬಹುದು ದೊಡ್ಡಪ್ಪ. ಅದರಿಂದ ಕೆಲವರಿಗೆ ವಾರಗಟ್ಟಲೆ ಕಾಲ ಸಿಗುತ್ತದೆ. ಆದರೆ ಆಗ ಚೀಲ ಒಡೆಯುವ ಅಪಾಯ ಹೆಚ್ಚು, ಫಲ ಅಷ್ಟು ನಿಶ್ಚಿತವಲ್ಲ. ಒಳಗೆ ಸೋಂಕು ಇದ್ದರೆ ಹಾಕಲೇಬಾರದು, ತಾಯಿಯ ಪ್ರಾಣಕ್ಕೇ ಕುತ್ತು ಬರುತ್ತದೆ.

ಸಂದೇಶದ ಉಳಿದ ಎರಡು ಮಾತುಗಳೂ ನಿಲ್ಲುವುದಿಲ್ಲ. ಅವಳಿ ಇದೆ ಎಂಬ ಕಾರಣಕ್ಕಷ್ಟೇ ಹೊಲಿಗೆ ಹಾಕಿದರೆ ಲಾಭವಿಲ್ಲ. ತಿಂಗಳುಗಟ್ಟಲೆ ಮಲಗಿದರೆ ಗರ್ಭ ನಿಲ್ಲುತ್ತದೆ ಎಂಬುದಕ್ಕೆ ಆಧಾರವಿಲ್ಲ, ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಂತೂ ಇದೆ.

ಅನಿತಾ: ಅಕ್ಕ, ಹಾಗಾದರೆ ಈ ಸಲ ಗಮನಿಸುತ್ತ ಹೋಗೋಣ ಎಂದು ನನ್ನ ಮನಸ್ಸು ಹೇಳುತ್ತಿದೆ. ಕಿರಣ್‌ಗೆ ಇನ್ನೂ ಪೂರ್ತಿ ಒಪ್ಪಿಗೆಯಿಲ್ಲ.

ಕಿರಣ: ಒಂದು ಷರತ್ತಿನ ಮೇಲೆ ಒಪ್ಪುತ್ತೇನೆ. 25ಕ್ಕಿಂತ ಕೆಳಗೆ ಇಳಿದ ದಿನವೇ ತೀರ್ಮಾನವಾಗಬೇಕು, ಇನ್ನೊಂದು ವಾರ ನೋಡೋಣ ಎಂದು ಯಾರೂ ಹೇಳಬಾರದು.

ಡಾ. ಸುಮಾ, ಮೈಸೂರು: ಆ ಷರತ್ತು ಸರಿಯಾಗಿದೆ, ನಿಮ್ಮ ಡಾಕ್ಟರೊಂದಿಗೂ ಮೊದಲೇ ಹಾಗೆಂದು ಮಾತಾಡಿಕೊಳ್ಳಿ. ಅವರು ಇಬ್ಬರನ್ನೂ ಕೂರಿಸಿಕೊಂಡು ಕೇಳಿದ ಮೇಲೂ ಹದಿಮೂರನೇ ವಾರವೇ ಸರಿ ಎಂದರೆ, ಅನಿತಾಳಿಗೂ ಅದೇ ಸಮಾಧಾನವೆನಿಸಿದರೆ, ನನ್ನ ವಿರೋಧವಿಲ್ಲ. ಹಾಗೆ ಹಾಕುವುದಿದ್ದರೂ 12ನೇ ವಾರದ ಸ್ಕ್ಯಾನಿನಲ್ಲಿ ಮಗು ಚೆನ್ನಾಗಿದೆ ಎಂದು ನೋಡಿಕೊಂಡೇ ಹಾಕಬೇಕು.

ಅನಿತಾ, ಸ್ಕ್ಯಾನಿಗೆ ಹೋಗುವಾಗ ಮೂತ್ರ ಮಾಡಿಯೇ ಮಲಗು. ಮೂತ್ರಕೋಶ ತುಂಬಿದ್ದರೆ ಕಂಠ ಒತ್ತಿಹೋಗಿ ಇರುವುದಕ್ಕಿಂತ ಉದ್ದವಾಗಿ ಕಾಣುತ್ತದೆ. ಹೊಟ್ಟೆಯ ಮೇಲಿನಿಂದ ಅಳೆದ ಸಂಖ್ಯೆಯನ್ನು ಇದಕ್ಕೆ ನೆಚ್ಚಬೇಡ. ಕೆಲವು ನಿಮಿಷ ಬಿಟ್ಟು ಮೂರು ಸಲ ಅಳೆದು ಅತಿ ಚಿಕ್ಕದನ್ನು ಬರೆಯಬೇಕು. ಹೋದ ಸಲದ ಭಾರ, ನೀರಿನಂಥ ಲೋಳೆ, ಕಂದು ಕಲೆ ಇವುಗಳಲ್ಲಿ ಯಾವುದೊಂದು ಕಂಡರೂ, ಹಿಂದಿನ ದಿನವೇ ಸ್ಕ್ಯಾನ್ ಚೆನ್ನಾಗಿತ್ತು ಎಂದು ಮನೆಯಲ್ಲಿ ಕೂರದೆ ಆ ಗಂಟೆಯಲ್ಲೇ ಹೊರಡು, ರಾತ್ರಿಯಾದರೂ ನನಗೆ ಕರೆ ಮಾಡು.

ಸರೋಜಾ, ಮಂಡ್ಯ: ನಾನು ಆ ಸಂದೇಶವನ್ನು ಮಹಿಳಾ ಸಮಾಜದ ಗುಂಪಿಗೂ ಕಳಿಸಿದ್ದೆ. ಸುಮಾ ಬರೆದದ್ದನ್ನು, ಅನಿತಾ ರೇಖಾ ಅವರ ವಿಷಯ ತೆಗೆದು, ಅಲ್ಲಿಗೂ ಹಾಕುತ್ತೇನೆ. ಹದಿನಾರನೇ ವಾರದ ಸ್ಕ್ಯಾನಿಗೆ ಅನಿತಾಳ ಜೊತೆ ನಾನು ಬರುತ್ತೇನೆ, ದಿನಾಂಕ ತಿಳಿಸಿ.