30 ಹಳ್ಳಿ, 600 ಮನೆ: ಲೆಕ್ಕದಲ್ಲಿ ಎಲ್ಲಿ ಎಡವಿದೆವು?

ಗಣತಿ_ಗೆಳತಿ:
ಒಟ್ಟು 240 ಹಳ್ಳಿಗಳ ಪಟ್ಟಿಯಿಂದ ಚೀಟಿ ಎತ್ತಿ 30 ಹಳ್ಳಿ ಆರಿಸಿದೆವು. ಆಮೇಲೆ ಪ್ರತಿ ಹಳ್ಳಿಯಲ್ಲೂ ಚೀಟಿ ಎತ್ತಿ 20 ಮನೆ. ಮನೆಗೆ ನಲ್ಲಿ ಸಂಪರ್ಕ ಇದೆಯೇ ಎಂಬುದು ಮುಖ್ಯ ಪ್ರಶ್ನೆ. ಶೇ 52 ಬಂತು, ಹೆಚ್ಚುಕಡಿಮೆ 4 ಅಂಶ. ವರದಿ ನೋಡಿದವರು "ಈ 4 ನಂಬುವ ಹಾಗಿಲ್ಲ" ಎಂದು ವಾಪಸ್ ಕಳಿಸಿದ್ದಾರೆ. ಎರಡು ಸಲವೂ ರ‍್ಯಾಂಡಮ್ ಆಗಿಯೇ ಆರಿಸಿದ್ದೇವಲ್ಲ, ತಪ್ಪೆಲ್ಲಿದೆ?

ಹಾದಿಬೀದಿ:
ನಮ್ಮದೂ ಇಂಥದ್ದೇ ಸರ್ವೆ. ನಾವು 18 ಹಳ್ಳಿಗೂ ಹೋಗಿ ಪ್ರತಿ ಹಳ್ಳಿಯಿಂದ ಒಂದಷ್ಟು ಮನೆ ತೆಗೆದುಕೊಂಡೆವು. ಯಾರೂ ಆಕ್ಷೇಪ ಎತ್ತಲಿಲ್ಲ.

ಮಾದರಿ_ಮಾಸ್ತರ:
ಹಾದಿಬೀದಿ ಅವರೇ, ನಿಮ್ಮದು ಬೇರೆ ಕಥೆ. ನೀವು ಯಾವ ಹಳ್ಳಿಯನ್ನೂ ಬಿಟ್ಟಿಲ್ಲ, ಆದ್ದರಿಂದ ಅದು ಸ್ಟ್ರಾಟಿಫೈಡ್. ಇಲ್ಲಿ 210 ಹಳ್ಳಿಗಳಿಗೆ ಯಾರೂ ಕಾಲಿಟ್ಟೇ ಇಲ್ಲ. ಯಾವ 30 ಚೀಟಿ ಕೈಗೆ ಬಂತು ಎಂಬುದರ ಮೇಲೆಯೇ ಉತ್ತರ ಏರಿಳಿಯುತ್ತದೆ.

ಗಣತಿ_ಗೆಳತಿ, ಒಂದು ಕೆಲಸ ಮಾಡಿ. ಪ್ರತಿ ಹಳ್ಳಿಯ 20 ಮನೆಗಳಲ್ಲಿ ಎಷ್ಟಕ್ಕೆ ನಲ್ಲಿ ಇದೆ ಎಂದು ಒಂದೇ ಸಾಲಿನಲ್ಲಿ ಬರೆದು ಹಾಕಿ.

ಗಣತಿ_ಗೆಳತಿ:
ಮೊದಲ ಎಂಟು ಹಳ್ಳಿ: 20, 19, 1, 14, 0, 18, 3, 9. ಉಳಿದವೂ ಹೆಚ್ಚುಕಡಿಮೆ ಹೀಗೇ.

ಮಾದರಿ_ಮಾಸ್ತರ:
ಉತ್ತರ ಅಲ್ಲೇ ಇದೆ. ಐದನೇ ಹಳ್ಳಿಯಲ್ಲಿ ಸೊನ್ನೆ. ಆ ಊರಿಗೆ ಪೈಪೇ ಬಂದಿಲ್ಲ. ಮೊದಲ ನಾಲ್ಕು ಮನೆ ಕೇಳಿದ ಮೇಲೆ ಉಳಿದ ಹದಿನಾರು ಮನೆ ನಿಮಗೆ ಹೊಸದೇನೂ ಹೇಳಲಿಲ್ಲ. ಎಲ್ಲ ಹಳ್ಳಿಗಳ ಮನೆಗಳನ್ನೂ ಒಂದೇ ಪಟ್ಟಿಗೆ ಹಾಕಿ ಅದರಿಂದ 600 ಚೀಟಿ ಎತ್ತಿದ್ದರೆ ಅದು ಸಿಂಪಲ್ ರ‍್ಯಾಂಡಮ್. ಆಗ ಒಬ್ಬೊಬ್ಬರ ಉತ್ತರವೂ ಬಿಡಿಬಿಡಿಯಾಗಿ ಲೆಕ್ಕಕ್ಕೆ ಬರುತ್ತಿತ್ತು, ನಿಮ್ಮ 4 ಅಂಶವೂ ಸರಿಯಾಗುತ್ತಿತ್ತು. ಆದರೆ ಆ ಪಟ್ಟಿ ಯಾರ ಬಳಿ ಇರುತ್ತದೆ? ಇದ್ದರೂ ಎರಡು ಮೂರು ಮನೆಗಾಗಿ ಒಂದೊಂದು ಹಳ್ಳಿಗೆ ಓಡಾಡಬೇಕು. ಮೊದಲು ಹಳ್ಳಿ, ಆಮೇಲೆ ಅದರೊಳಗಿನ ಮನೆ ಎಂದು ಆರಿಸುವ ಕ್ಲಸ್ಟರ್ ಪದ್ಧತಿ ಹಿಡಿದದ್ದು ತಪ್ಪಲ್ಲ, ಹಿಡಿದದ್ದನ್ನು ಲೆಕ್ಕದಲ್ಲಿ ಮರೆತದ್ದು ತಪ್ಪು.

ಅಂಕಿ_ಅಂಶಿ:
ಇಷ್ಟೆಲ್ಲ ಯಾಕೆ? ಸಿಂಪಲ್ ರ‍್ಯಾಂಡಮ್‌ಗೆ ಹೋಲಿಸಿದರೆ ಎಷ್ಟು ಪಟ್ಟು ಮನೆ ಬೇಕಾಗುತ್ತದೆ ಎಂದು ಹೇಳುವ ಡಿಸೈನ್ ಎಫೆಕ್ಟ್ 2 ಎಂದು ಹಿಡಿದರಾಯಿತು. ಲಸಿಕೆ ಸರ್ವೆಗೆ ವಿಶ್ವ ಆರೋಗ್ಯ ಸಂಸ್ಥೆಯ ಹಳೆಯ 30×7 ಪದ್ಧತಿಯಲ್ಲೂ 2 ಹಿಡಿಯುತ್ತಿದ್ದರು.

ಮಾದರಿ_ಮಾಸ್ತರ:
ಆ ಪದ್ಧತಿಯಲ್ಲಿ 2 ಹಿಡಿಯುತ್ತಿದ್ದದ್ದು ನಿಜ. ಆದರೆ ಅಲ್ಲಿ ಒಂದು ಕ್ಲಸ್ಟರಿಗೆ 7 ಮಕ್ಕಳು. ಇಲ್ಲಿ 20 ಮನೆ, ಅದೂ ನೀರಿನ ವಿಷಯ. ಡಿಸೈನ್ ಎಫೆಕ್ಟ್ ಸುಮಾರಾಗಿ ಹೀಗೆ:

```
deff = 1 + (m - 1) * rho
```

`m` ಎಂದರೆ ಒಂದು ಹಳ್ಳಿಯಿಂದ ತೆಗೆದ ಮನೆಗಳು, `rho` ಎಂದರೆ ಒಂದೇ ಹಳ್ಳಿಯವರ ಉತ್ತರ ಎಷ್ಟು ಹೋಲುತ್ತದೆ ಎಂಬುದು. `rho` 0.2 ಅಂತಲೇ ಇಟ್ಟುಕೊಂಡರೂ 4.8 ಬರುತ್ತದೆ, ಅಂದರೆ 600 ಮನೆಗೆ ಸಿಗುವುದು 125 ಮನೆಯಷ್ಟೇ ಬೆಲೆ. ಅದೇ 600 ಮನೆಯನ್ನು 60 ಹಳ್ಳಿಗೆ ಹತ್ತರಂತೆ ಹಂಚಿದ್ದರೆ 2.8ಕ್ಕೆ ಇಳಿಯುತ್ತಿತ್ತು, 214 ಮನೆಯ ಬೆಲೆ ಸಿಗುತ್ತಿತ್ತು. ಹಳ್ಳಿ ಹೆಚ್ಚಿಸಿದರೆ ಲಾಭ, ಅದೇ ಹಳ್ಳಿಯಲ್ಲಿ ಮನೆ ಹೆಚ್ಚಿಸಿದರೆ ಬರೀ ಕಾಲುನೋವು. ಅದೇ ಸರ್ವೆಯಲ್ಲಿ ಮನೆಯವರ ವಯಸ್ಸು ಕೇಳಿದ್ದರೆ ಅದರ `rho` ತೀರಾ ಚಿಕ್ಕದಿರುತ್ತದೆ. ಒಂದೊಂದು ಪ್ರಶ್ನೆಗೂ ಬೇರೆ ಬೇರೆ.

ಇನ್ನೊಂದು ಮಾತು. 80 ಮನೆಯ ಹಳ್ಳಿಗೂ 600 ಮನೆಯ ಹಳ್ಳಿಗೂ ಒಂದೊಂದೇ ಚೀಟಿ ಹಾಕಿದಿರಾ?

ಗಣತಿ_ಗೆಳತಿ:
ಹೌದು.

ಮಾದರಿ_ಮಾಸ್ತರ:
ಹಾಗಿದ್ದರೆ ತೂಕ ಕೊಡಲೇಬೇಕು. ಚಿಕ್ಕ ಹಳ್ಳಿಯಲ್ಲಿ ಒಂದು ಮನೆ 4 ಮನೆಗಳ ಪರವಾಗಿ ಮಾತಾಡುತ್ತದೆ, ದೊಡ್ಡದರಲ್ಲಿ 30ರ ಪರವಾಗಿ. ಆರ್‌ನಲ್ಲಿ ಹೀಗೆ ಬರೆಯಿರಿ:

```r
library(survey)
hh$wt <- (240/30) * (hh$houses/20)
d <- svydesign(ids = ~village, weights = ~wt, data = hh)
m <- svymean(~tap, d, deff = TRUE)
m
confint(m, df = degf(d))
```

`ids = ~1` ಎಂದು ಬರೆದರೆ ಮತ್ತೆ ಹಳೆಯ ತಪ್ಪಿಗೇ ವಾಪಸ್.

ಅಂಕಿ_ಅಂಶಿ:
ಹಳ್ಳಿಯ ಗಾತ್ರಕ್ಕೆ ತಕ್ಕ ಅವಕಾಶ ಕೊಟ್ಟು ಆರಿಸಿದ್ದರೆ ಈ ತೂಕದ ರಗಳೆಯೇ ಇರುತ್ತಿರಲಿಲ್ಲ.

ಮಾದರಿ_ಮಾಸ್ತರ:
ಒಪ್ಪಿದೆ, ಮನೆಗಳ ಪಟ್ಟಿ ತಾಜಾ ಇದ್ದರೆ. ಹಳೆಯದಾಗಿದ್ದರೆ ಆಗಲೂ ತೂಕ ತಪ್ಪದು.

ಗಣತಿ_ಗೆಳತಿ:
ಓಡಿಸಿದೆ. 52 ಇದ್ದದ್ದು 46ಕ್ಕೆ ಇಳಿಯಿತು, ದೊಡ್ಡ ಹಳ್ಳಿಗಳಲ್ಲೇ ನಲ್ಲಿ ಕಡಿಮೆ. ವ್ಯಾಪ್ತಿ 35ರಿಂದ 57. `deff` ಸುಮಾರು 7! ಬೇಸರವಾಯಿತು, ಆದರೂ ಇದನ್ನೇ ವರದಿಗೆ ಹಾಕುತ್ತೇನೆ. ಒಂದು ಅನುಮಾನ ಉಳಿದಿದೆ. ನಾಲ್ಕು ಹಳ್ಳಿಗಳಲ್ಲಿ ಮನೆಪಟ್ಟಿ ಸಿಗದೆ ನಮ್ಮ ಹುಡುಗರು ಊರ ನಡುವಿನಿಂದ ಹೊರಟು ಸಾಲಾಗಿ 20 ಮನೆ ಮುಗಿಸಿದ್ದಾರೆ.

ಮಾದರಿ_ಮಾಸ್ತರ:
ಅದನ್ನು ತೂಕದಿಂದ ಸರಿಪಡಿಸಲಾಗದು. ನಡುವಿನ ಬೀದಿಗೆ ಪೈಪ್ ಮೊದಲು ಬರುತ್ತದೆ, ಅಂಚಿನ ಕೇರಿಗೆ ಕೊನೆಗೆ. ಆ ನಾಲ್ಕನ್ನು ಬಿಟ್ಟು ಒಮ್ಮೆ ಓಡಿಸಿ, ಎಷ್ಟು ಬದಲಾಗುತ್ತದೆ ನೋಡಿ.

ಅಂಕಿ_ಅಂಶಿ:
ಬಿಟ್ಟರೆ 26 ಹಳ್ಳಿಯ ಸರ್ವೆ ಆಯಿತಲ್ಲ? ನಾನಾದರೆ ಆ ನಾಲ್ಕಕ್ಕೆ ಮತ್ತೆ ಹೋಗಿ ಮನೆ ಎಣಿಸಿ ಬರುತ್ತಿದ್ದೆ.

ಗಣತಿ_ಗೆಳತಿ:
ಎರಡು ಹಳ್ಳಿ ಹತ್ತಿರ ಇವೆ, ಅಲ್ಲಿಗೆ ಈ ವಾರ ಹೋಗಬಹುದು. ಉಳಿದೆರಡರದ್ದು ಮೇಲಿನವರನ್ನು ಕೇಳಿ ಹೇಳುತ್ತೇನೆ.