ಕೋಲು ನೀರಲ್ಲಿ ಮೇಲಕ್ಕೆ ಬಾಗಿ ಕಾಣುತ್ತದೆ, ಚಿತ್ರ ಬರೆದರೆ ಕೆಳಕ್ಕೆ ಬಾಗುತ್ತದೆ. ಎಲ್ಲಿ ಎಡವಟ್ಟು?

ಬೇಲೂರು ರಸ್ತೆ

ಎಲ್ಲರಿಗೂ ನಮಸ್ಕಾರ. ಮಗಳು ಹತ್ತನೇ ಕ್ಲಾಸು, ಅವಳಿಗೆ ವಕ್ರೀಭವನ ಹೇಳಿಕೊಡುತ್ತಿದ್ದೇನೆ. ಹಾಸನದ ನಮ್ಮ ಮನೆ ಹಿತ್ತಲಲ್ಲಿ ಒಂದು ಸಿಮೆಂಟ್ ತೊಟ್ಟಿ ಇದೆ. ಅದಕ್ಕೆ ನೀರು ತುಂಬಿಸಿ ನೆಟ್ಟಗಿನ ಬಿದಿರು ಕೋಲನ್ನು ಓರೆಯಾಗಿ ಇಳಿಸಿದೆವು. ಪಕ್ಕದಿಂದ ನೋಡಿದರೆ ನೀರೊಳಗಿನ ಭಾಗ ಮೇಲಕ್ಕೆ ಎದ್ದಿದೆ, ತುದಿಯನ್ನು ಯಾರೋ ತಳದಿಂದ ಎತ್ತಿ ಹಿಡಿದ ಹಾಗೆ. ಆದರೆ ಪುಸ್ತಕದಲ್ಲಿ, ಬೆಳಕು ಗಾಳಿಯಿಂದ ನೀರಿಗೆ ಹೋದಾಗ ಲಂಬದ ಕಡೆಗೆ ಬಾಗುತ್ತದೆ ಅಂತಿದೆ. ಹಾಗೇ ಗೆರೆ ಎಳೆದರೆ ಕೋಲು ಕೆಳಕ್ಕೆ ಬಾಗಬೇಕು, ಅಲ್ವಾ? ಮಗಳು ಅದೇ ಪ್ರಶ್ನೆ ಹಿಡಿದು ಕೂತಿದ್ದಾಳೆ. ಚಿತ್ರ ಸರಿಯೋ, ಕಣ್ಣು ಸರಿಯೋ?

ಅರಸೀಕೆರೆ ಹುಡುಗ

ಚಿತ್ರ ಸರಿಯಾಗೇ ಇದೆ ಮೇಡಂ. ಬೆಳಕು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಹೋಗುತ್ತದೆ, ನೀರಲ್ಲಿ 2.25 ಲಕ್ಷ ಅಷ್ಟೇ. ನಿಧಾನ ಆಗುವುದರಿಂದಲೇ ಅದು ಲಂಬದ ಕಡೆಗೆ ಬಾಗುವುದು. ಹಾಗಾಗಿ ಕೋಲು ಕೆಳಕ್ಕೇ ಬಾಗಬೇಕು. ನೀವು ನಿಂತ ಜಾಗ ಬದಲಾಯಿಸಿ ನೋಡಿ.

ಲ್ಯಾಬ್ ಮೇಷ್ಟ್ರು

ವೇಗದ ಲೆಕ್ಕ ಸರಿ, ತೀರ್ಮಾನ ಸರಿಯಿಲ್ಲ. ತೊಟ್ಟಿಯ ಸುತ್ತ ಎಲ್ಲಿ ನಿಂತು ನೋಡಿದರೂ ಆ ಕೋಲು ಕೆಳಕ್ಕೆ ಬಾಗುವುದಿಲ್ಲ.

ಮೇಡಂ, ನೀವು ಬರೆದ ಗೆರೆ ಬೆಳಕಿನ ಕಿರಣದ್ದು, ಕೋಲಿನದ್ದಲ್ಲ. ಎರಡೂ ಓರೆಯಾಗಿರುವುದರಿಂದ ಒಂದೇ ಅನ್ನಿಸುತ್ತದೆ. ಮಕ್ಕಳ ಪರೀಕ್ಷೆ ಪತ್ರಿಕೆಯಲ್ಲಿ ಇದನ್ನು ತುಂಬಾ ನೋಡಿದ್ದೇನೆ. ಕೋಲನ್ನು ಸ್ವಲ್ಪ ಹೊತ್ತು ಮರೆತುಬಿಡಿ, ಅದರ ಮುಳುಗಿದ ತುದಿ ಒಂದನ್ನೇ ಹಿಡಿಯಿರಿ. ನಮಗೆ ಅದು ಕಾಣುವುದು ಅಲ್ಲಿಂದ ಹೊರಟ ಬೆಳಕು ಕಣ್ಣಿಗೆ ಬಂದಾಗ. ಅಂದರೆ ಬೆಳಕು ನೀರಿಂದ ಗಾಳಿಗೆ ಬರುತ್ತಿದೆ, ಆಗ ಅದು ಲಂಬದಿಂದ ಆಚೆಗೆ ವಾಲುತ್ತದೆ. ಕಣ್ಣಿಗೆ ಆ ತಿರುವು ಗೊತ್ತಾಗುವುದಿಲ್ಲ. ಬೆಳಕು ಕೊನೆಯಲ್ಲಿ ಯಾವ ದಿಕ್ಕಿಂದ ಬಂತೋ ಅದೇ ದಿಕ್ಕಿನಲ್ಲಿ ನೆಟ್ಟಗೆ ಹಿಂದಕ್ಕೆ ಹೋಗಿ ತುದಿ ಅಲ್ಲಿದೆ ಅಂದುಕೊಳ್ಳುತ್ತದೆ.

ತುದಿ 24 ಸೆಂ.ಮೀ. ಆಳದಲ್ಲಿದೆ ಅಂತಿಟ್ಟುಕೊಳ್ಳಿ, ನೀವು 45° ಓರೆಯಿಂದ ನೋಡುತ್ತಿದ್ದೀರಿ. ನೀರಿನ ವಕ್ರೀಭವನ ಸೂಚ್ಯಂಕ 1.33. ಲೆಕ್ಕ ಹಾಕಿದರೆ ನೀರೊಳಗೆ ಕಿರಣ ಲಂಬಕ್ಕೆ 32° ಮಾತ್ರ ಓರೆ ಇರುತ್ತದೆ. ಹಾಗಾಗಿ ಅದು ನೀರಿನ ಮೇಲ್ಮೈ ತಲುಪುವಷ್ಟರಲ್ಲಿ ನಿಮ್ಮ ಕಡೆಗೆ ಸರಿದಿರುವುದು 15 ಸೆಂ.ಮೀ. ಅಲ್ಲಿಂದ 45°ಯಲ್ಲಿ ನೆಟ್ಟಗೆ ಹಿಂದಕ್ಕೆ ಗೆರೆ ಎಳೆಯಿರಿ. ತುದಿಯ ನೇರ ಮೇಲೆ ಬರುವಾಗ ಆ ಗೆರೆ ಇಳಿದಿರುವುದೂ 15 ಸೆಂ.ಮೀ. ಅಷ್ಟೇ. ಹಾಗಾಗಿ 24ರಲ್ಲಿರುವ ತುದಿ 15ರಲ್ಲಿ ಕಾಣುತ್ತದೆ, 9 ಸೆಂ.ಮೀ. ಮೇಲೆದ್ದಿದೆ.

ಈಗ ಕೋಲಿಗೆ ವಾಪಸ್ ಬನ್ನಿ. 12 ಸೆಂ.ಮೀ. ಆಳದಲ್ಲಿರುವ ನಡುಭಾಗ ಇದೇ ಲೆಕ್ಕದಲ್ಲಿ ನಾಲ್ಕೂವರೆ ಸೆಂ.ಮೀ. ಏಳುತ್ತದೆ. ಕೋಲು ನೀರಿಗೆ ಇಳಿಯುವ ಜಾಗದಲ್ಲಿ ಆಳವೇ ಇಲ್ಲ, ಅಲ್ಲಿ ಏಳುವುದೂ ಇಲ್ಲ. ಅದಕ್ಕೇ ಮುರಿದಂತೆ ಕಾಣುವ ಜಾಗ ಸರಿಯಾಗಿ ನೀರಿನ ಮಟ್ಟದಲ್ಲೇ ಇರುತ್ತದೆ.

ಮೂಡಿಗೆರೆ ತೋಟ

ನನ್ನದೂ ಒಂದಿದೆ ಸರ್. ತೋಟದ ಕೆರೆಯಲ್ಲಿ ಎಷ್ಟು ನೀರಿದೆ ನೋಡಲು ಒಂದು ಉದ್ದನೆ ಗಳಕ್ಕೆ ಅಡಿ ಅಡಿಗೂ ಬಿಳಿ ಪೈಂಟ್ ಗುರುತು ಹಾಕಿದ್ದೇವೆ. ಅದನ್ನು ನೆಟ್ಟಗೆ ನಿಲ್ಲಿಸಿದರೆ ಬಾಗುವುದೇ ಇಲ್ಲ. ಆದರೆ ನೀರೊಳಗಿನ ಗುರುತುಗಳು ಹತ್ತಿರ ಹತ್ತಿರ ಬಂದಿರುತ್ತವೆ. ಪೈಂಟ್ ಹಾಕಿದವರು ಅಳತೆ ತಪ್ಪಿದರೇನೋ ಅಂತ ಮೇಲೆತ್ತಿ ಟೇಪ್ ಹಿಡಿದೆ, ಸರಿಯಾಗಿ ಒಂದೊಂದು ಅಡಿ. ನಮ್ಮ ನೀರು ಮಣ್ಣುಮಣ್ಣು, ಅದಕ್ಕೆ ಹೀಗಾ?

ಲ್ಯಾಬ್ ಮೇಷ್ಟ್ರು

ಮಣ್ಣಿಗೂ ಇದಕ್ಕೂ ಸಂಬಂಧ ಇಲ್ಲ, ತಿಳಿನೀರಲ್ಲೂ ಹೀಗೇ. ಗಳ ನೆಟ್ಟಗೆ ನಿಂತಿದ್ದರೆ ಪ್ರತಿ ಗುರುತೂ ನೇರ ಮೇಲಕ್ಕೇ ಏಳುತ್ತದೆ, ಪಕ್ಕಕ್ಕೆ ಹೋಗುವುದಿಲ್ಲ. ಹಾಗಾಗಿ ಬಾಗಲು ದಾರಿಯಿಲ್ಲ, ಗಿಡ್ಡ ಮಾತ್ರ ಆಗುತ್ತದೆ. ಓರೆ ಮಾಡಿ ನೋಡಿ, ಬಾಗುತ್ತದೆ. ಆಳವನ್ನು ನೀರಿನ ಮಟ್ಟಕ್ಕೆ ತಾಗಿದ ಗುರುತಿನಲ್ಲೇ ಓದಿ, ಒಳಗಿನ ಗುರುತುಗಳನ್ನು ಕಣ್ಣಳತೆಯಲ್ಲಿ ಎಣಿಸಬೇಡಿ. ತಿಳಿನೀರಿನ ಕೆರೆಯನ್ನು ನೇರ ಮೇಲಿಂದ ನೋಡಿದರೆ ಆಳ ಮುಕ್ಕಾಲು ಪಾಲು ಕಾಣುತ್ತದೆ, ದಡದಿಂದ ಓರೆಯಾಗಿ ನೋಡಿದಷ್ಟೂ ಇನ್ನೂ ಕಡಿಮೆ. ಈಜು ಬಾರದ ಮಕ್ಕಳು ಅಲ್ಲಿ ಓಡಾಡುವುದಿದ್ದರೆ ಇದನ್ನು ಹೇಳಿಡಿ.

ಬೇಲೂರು ರಸ್ತೆ ಮೇಡಂ, ಲೆಕ್ಕ ನಂಬುವುದಕ್ಕಿಂತ ಮಗಳಿಗೆ ಇದನ್ನು ಮಾಡಿಸಿ. ತೊಟ್ಟಿಯ ತಳಕ್ಕೆ ಒಂದು ನಾಣ್ಯ ಹಾಕಿ. ವೈರಿಂಗ್‌ಗೆ ಹಾಕುವ ಸಣ್ಣ ಪಿವಿಸಿ ಪೈಪನ್ನು ಜಾಮಿಟ್ರಿ ಬಾಕ್ಸಿನ ತ್ರಿಕೋನ ಪಟ್ಟಿ ಇಟ್ಟು 45°ಗೆ ವಾಲಿಸಿ, ಅದರೊಳಗಿಂದ ನಾಣ್ಯ ಕಾಣುವ ಹಾಗೆ ಸ್ಟೂಲಿಗೆ ಬಿಗಿಯಾಗಿ ಕಟ್ಟಿ. ಪೈಪು ಅಲುಗಾಡಿದರೆ ಎಲ್ಲ ಹಾಳು. ಆಮೇಲೆ ಅದರೊಳಗೆ ನೆಟ್ಟಗಿನ ಕಬ್ಬಿಣದ ಕಡ್ಡಿ ಇಳಿಬಿಡಿ. ಅದು ನಾಣ್ಯಕ್ಕೆ ತಾಗುವುದಿಲ್ಲ, ಅದರ ಮೇಲೆ ಹಾದು ಆಚೆ ತಳಕ್ಕೆ ಬಡಿಯುತ್ತದೆ. ನೀರು 24 ಸೆಂ.ಮೀ. ಇದ್ದರೆ ಸುಮಾರು 9 ಸೆಂ.ಮೀ. ಆಚೆ.

ಅರಸೀಕೆರೆ ಹುಡುಗ

ಸರ್, ನಾನು ಬಕೆಟ್‌ನಲ್ಲಿ ಮಾಡಿದೆ. ಕಡ್ಡಿ ಇರಲಿಲ್ಲ, ಪೈಪಿನೊಳಗೆ ಲೇಸರ್ ಪಾಯಿಂಟರ್ ಹಿಡಿದೆ. ಕೆಂಪು ಚುಕ್ಕೆ ಸೀದಾ ನಾಣ್ಯದ ಮೇಲೇ ಬಿತ್ತು! ಹಾಗಾದರೆ ನಾಣ್ಯ ಕಂಡಲ್ಲೇ ಇದೆ ಅಂತಾಯಿತಲ್ಲ?

ಲ್ಯಾಬ್ ಮೇಷ್ಟ್ರು

ಒಳ್ಳೆ ಕೆಲಸ ಮಾಡಿದೆ ಮಾರಾಯ, ಇದು ನನ್ನ ಕಡ್ಡಿಗಿಂತ ಚೆನ್ನಾಗಿದೆ. ಲೇಸರ್ ಕೂಡ ಬೆಳಕೇ. ನಾಣ್ಯದಿಂದ ನಿನ್ನ ಕಣ್ಣಿಗೆ ಬೆಳಕು ಬಂದ ದಾರಿಯಲ್ಲೇ ಅದು ವಾಪಸ್ ಹೋಯಿತು, ನೀರಿನ ಮಟ್ಟದಲ್ಲಿ ಅದೂ ಬಾಗಿತು. ಕಬ್ಬಿಣ ಬಾಗುವುದಿಲ್ಲ, ಅದಕ್ಕೇ ಗುರಿ ತಪ್ಪುತ್ತದೆ. ನೀರಿಗೆ ಎರಡು ಹನಿ ಹಾಲು ಹಾಕಿದರೆ ಲೇಸರ್ ಗೆರೆಯೇ ಕಾಣುತ್ತದೆ: ಮೇಲಿಂದ ಬಂದು ಕೆಳಕ್ಕೆ ಬಾಗಿರುತ್ತದೆ. ಮೇಡಂ ಬರೆದ ಚಿತ್ರ ಅದೇ. ಕಿರಣ ಕೆಳಕ್ಕೆ, ಕೋಲು ಮೇಲಕ್ಕೆ, ಎರಡಕ್ಕೂ ಕಾರಣ ಒಂದೇ ತಿರುವು. ಒಂದು ಎಚ್ಚರ: ನೀರಿನ ಮೇಲ್ಮೈಯಿಂದ ಲೇಸರ್‌ನ ಒಂದು ಪಾಲು ವಾಪಸ್ ಚಿಮ್ಮುತ್ತದೆ. ಎದುರಿಗೆ ಯಾರೂ ನಿಲ್ಲಬಾರದು.

ಬೇಲೂರು ರಸ್ತೆ

ಕಡ್ಡಿ ಮಾಡಿ ನೋಡಿದೆವು ಸರ್. ನಾಣ್ಯದಿಂದ 8 ಸೆಂ.ಮೀ. ಆಚೆ ಬಡಿಯಿತು, ನೀರು ಸ್ವಲ್ಪ ಕಮ್ಮಿ ಇತ್ತು. ಚಿತ್ರದ ವಿಷಯ ಅವಳಿಗೆ ಅರ್ಥವಾಯಿತು. ಈಗ ಹೊಸದು ಶುರು ಮಾಡಿದ್ದಾಳೆ. ತಲೆಯನ್ನು ಪೂರ್ತಿ ಒಂದು ಪಕ್ಕಕ್ಕೆ ವಾಲಿಸಿ, ಕಣ್ಣುಗಳು ಒಂದರ ಮೇಲೊಂದು ಬರುವ ಹಾಗೆ ನೋಡಿದರೆ ನಾಣ್ಯ ನಮ್ಮ ಕಡೆಗೂ ಸ್ವಲ್ಪ ಸರಿಯುತ್ತದೆ ಅನ್ನುತ್ತಾಳೆ. ನನಗೆ ಹಾಗೆ ಕಾಣಲಿಲ್ಲ.

ಲ್ಯಾಬ್ ಮೇಷ್ಟ್ರು

ಅವಳ ಮಾತು ತಳ್ಳಿಹಾಕುವಂಥದ್ದಲ್ಲ. ಎರಡೂ ಕಣ್ಣು ಸಮಮಟ್ಟದಲ್ಲಿದ್ದಾಗ ಎರಡರ ಗೆರೆಗಳೂ ನಾಣ್ಯದ ನೇರ ಮೇಲೆ ಸೇರುತ್ತವೆ, ನಾನು ಹೇಳಿದ 15 ಸೆಂ.ಮೀ. ಅದರದ್ದು. ಕಣ್ಣು ಒಂದರ ಮೇಲೊಂದು ಬಂದಾಗ ಗೆರೆಗಳು ಸೇರುವ ಜಾಗ ಬೇರೆ, ಅದು ನೋಡುವವರ ಕಡೆಗೇ ಬರುತ್ತದೆ. ಕಾಗದದ ಮೇಲೆ ಇದು ನಿಜ. ಆದರೆ ತಲೆ ವಾಲಿಸಿದಾಗ ಅಷ್ಟು ಸಣ್ಣ ವ್ಯತ್ಯಾಸವನ್ನು ಕಣ್ಣು ಹಿಡಿಯುತ್ತದಾ ಅನ್ನುವುದರಲ್ಲಿ ನನಗೆ ಅನುಮಾನ. ನೀರು ಜಾಸ್ತಿ ತುಂಬಿಸಿ, ಇನ್ನೂ ಓರೆಯಿಂದ ನೋಡಿದರೆ ವ್ಯತ್ಯಾಸ ದೊಡ್ಡದಾಗುತ್ತದೆ. ಉಳಿದವರೂ ನೋಡಿ ಬರೆಯಿರಿ, ನಾಣ್ಯ ಸರಿಯಿತೋ ಇಲ್ಲವೋ ಅಂತ.

ಮೂಡಿಗೆರೆ ತೋಟ

ನನಗೆ ಸರಿದ ಹಾಗೆ ಕಾಣುತ್ತಿದೆ, ನಮ್ಮ ಮನೆಯವರಿಗೆ ಇಲ್ಲ. ನಾಳೆ ಬೆಳಿಗ್ಗೆ ಬೆಳಕಲ್ಲಿ ಇನ್ನೊಮ್ಮೆ ನೋಡುತ್ತೇವೆ.